24 ಗಂಟೆ ಎಲ್ಲಿಂದ ಎಣಿಸಬೇಕು?

ರಾತ್ರಿ 8ಕ್ಕೆ ಮೈಸೂರು ಬಿಡುವ ಬಸ್ಸೊಂದು 11.30ಕ್ಕೆ ಬೆಂಗಳೂರಿಗೆ ಬಂದು, ಅಲ್ಲಿಂದ ಹುಬ್ಬಳ್ಳಿಗೆ ಹೋಗುತ್ತದೆ ಎಂದುಕೊಳ್ಳಿ. ಟಿಕೆಟ್ ಬುಕಿಂಗ್ ಆ್ಯಪ್ ಮಾಡುತ್ತಿರುವ ತಂಡದ ಕೈಗೆ ಒಂದು ಸಾಲಿನ ನಿಯಮ ಬಂದಿದೆ: ‘ಪ್ರಯಾಣಕ್ಕೆ 24 ಗಂಟೆ ಮುಂಚೆ ರದ್ದು ಮಾಡಿದರೆ ಶೇ 10 ಕಡಿತ, ಆಮೇಲೆ ಮಾಡಿದರೆ ಶೇ 50.’ ಓದಿದರೆ ಗೊಂದಲಕ್ಕೆ ಎಡೆಯೇ ಇಲ್ಲ ಅನ್ನಿಸುತ್ತದೆ. ಡೆವಲಪರ್ ಒಂದೇ ದಿನದಲ್ಲಿ ಕೋಡ್ ಬರೆದು ‘ಆಯ್ತು’ ಎನ್ನುತ್ತಾರೆ. ಟೆಸ್ಟರ್ ನೋಡಿ ‘ಆಗಿಲ್ಲ’ ಎನ್ನುತ್ತಾರೆ.

ಬೆಂಗಳೂರಿನಲ್ಲಿ ಶನಿವಾರ ರಾತ್ರಿ ಬಸ್ಸು ಹತ್ತಬೇಕಾದವರೊಬ್ಬರು 800 ರೂಪಾಯಿಯ ಟಿಕೆಟ್ಟನ್ನು ಶುಕ್ರವಾರ ರಾತ್ರಿ 10ಕ್ಕೆ ರದ್ದು ಮಾಡುತ್ತಾರೆ. ಡೆವಲಪರ್ ಲೆಕ್ಕ ಹಾಕಿದ್ದು ಬಸ್ಸು ಮೈಸೂರು ಬಿಡುವ ಹೊತ್ತಿನಿಂದ. ಇನ್ನು 22 ಗಂಟೆ ಮಾತ್ರ ಇದೆ, ಹಾಗಾಗಿ 400 ರೂಪಾಯಿ ವಾಪಸ್. ಟೆಸ್ಟರ್ ನೋಡಿದ್ದು ಟಿಕೆಟ್ ಮೇಲಿನ ಸಮಯ. ‘ಹತ್ತೋದು ಬೆಂಗಳೂರಲ್ಲಿ, ಹನ್ನೊಂದೂವರೆಗೆ ಅಲ್ವಾ? ಇಪ್ಪತ್ತೈದೂವರೆ ಗಂಟೆ ಇದೆ, 720 ಕೊಡಬೇಕು’ ಎಂಬುದು ಅವರ ವಾದ. ಇಬ್ಬರೂ ನಿಯಮವನ್ನು ಸರಿಯಾಗಿಯೇ ಓದಿದ್ದಾರೆ. ಯಾವ ‘ಪ್ರಯಾಣ’ ಎಂಬುದನ್ನು ನಿಯಮ ಹೇಳಿಯೇ ಇಲ್ಲ.

ಕೆಲಸ ಮುಗಿದಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಮೊದಲೇ ಬರೆದಿಡುವ ಷರತ್ತುಗಳಿಗೆ ಸಾಫ್ಟ್‌ವೇರ್ ತಂಡಗಳು ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಎನ್ನುತ್ತವೆ. ಅವನ್ನು ಗಿವನ್, ವೆನ್, ದೆನ್ ಎಂಬ ಮೂರು ಭಾಗಗಳಲ್ಲಿ ಬರೆಯುವ ರೂಢಿಯನ್ನು ಡ್ಯಾನ್ ನಾರ್ತ್ ಅವರು ಕ್ರಿಸ್ ಮ್ಯಾಟ್ಸ್ ಜೊತೆ ಸೇರಿ ರೂಪಿಸಿದರು. 2006ರಲ್ಲಿ ಪ್ರಕಟವಾದ ನಾರ್ತ್ ಅವರ ಲೇಖನದಲ್ಲಿ ಎಟಿಎಂನಿಂದ ಹಣ ತೆಗೆಯುವುದೇ ಉದಾಹರಣೆ. ಖಾತೆಯಲ್ಲಿ ಹಣವಿದೆ, ಕಾರ್ಡ್ ಚಾಲ್ತಿಯಲ್ಲಿದೆ, ಯಂತ್ರದಲ್ಲಿ ನೋಟಿದೆ: ಇದು ಗಿವನ್, ಅಂದರೆ ಮೊದಲಿನ ಸ್ಥಿತಿ. ಗ್ರಾಹಕರು ಹಣ ಕೇಳುತ್ತಾರೆ: ಇದು ವೆನ್, ನಡೆಯುವ ಘಟನೆ. ಖಾತೆಯಿಂದ ಹಣ ಕಳೆಯಬೇಕು, ನೋಟು ಹೊರಬರಬೇಕು, ಕಾರ್ಡ್ ಕೈಗೆ ಮರಳಬೇಕು: ಇದು ದೆನ್, ಕಾಣಬೇಕಾದ ಫಲ.

ನಮ್ಮ ಬಸ್ಸಿನ ನಿಯಮವನ್ನು ಹೀಗೆ ಬರೆಯಲು ಹೊರಟರೆ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲುತ್ತದೆ. ಗಿವನ್‌ನಲ್ಲಿ ಯಾವ ಊರಿನ ಸಮಯ ಬರೆಯಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಡೆವಲಪರೂ ಅಲ್ಲ, ಟೆಸ್ಟರೂ ಅಲ್ಲ, ಬಸ್ ಕಂಪನಿಯ ಪರವಾಗಿ ಮಾತಾಡುವ ಪ್ರಾಡಕ್ಟ್ ಓನರ್. ಆದ್ದರಿಂದಲೇ ಕೋಡ್ ಬರೆಯುವ ಮೊದಲು ಮೂವರೂ ಒಟ್ಟಿಗೆ ಕೂರಬೇಕು. ಪ್ರಯಾಣಿಕರು ಹತ್ತುವ ಸಮಯದಿಂದಲೇ ಎಣಿಸಬೇಕು ಎಂದು ತೀರ್ಮಾನವಾಯಿತು ಅನ್ನೋಣ. ಆಗ ಬರಹ ಹೀಗಿರುತ್ತದೆ:

```gherkin
Scenario: 24 ಗಂಟೆಗಿಂತ ಮುಂಚೆ ರದ್ದತಿ
  Given ಬಸ್ಸು ಮೈಸೂರಿನಿಂದ ಶನಿವಾರ 20:00ಕ್ಕೆ ಹೊರಡುತ್ತದೆ
  And ಪ್ರಯಾಣಿಕರು ಬೆಂಗಳೂರಿನಲ್ಲಿ ಶನಿವಾರ 23:30ಕ್ಕೆ ಹತ್ತುವವರು
  And 12ನೇ ಸೀಟಿಗೆ 800 ರೂ. ಪಾವತಿಯಾಗಿದೆ
  And ಈಗ ಶುಕ್ರವಾರ 22:00
  When ಪ್ರಯಾಣಿಕರು ಟಿಕೆಟ್ ರದ್ದು ಮಾಡುತ್ತಾರೆ
  Then 720 ರೂ. ವಾಪಸಾತಿ ಕೋರಿಕೆ ಬ್ಯಾಂಕಿಗೆ ಹೋಗುತ್ತದೆ
  And 12ನೇ ಸೀಟು ಮತ್ತೆ ಮಾರಾಟಕ್ಕೆ ಸಿಗುತ್ತದೆ
```

ಮೈಸೂರಿನ ಸಮಯಕ್ಕೂ ಲೆಕ್ಕಕ್ಕೂ ಈಗ ಸಂಬಂಧವಿಲ್ಲ. ಆದರೂ ಅದನ್ನು ಬೇಕೆಂದೇ ಉಳಿಸಿಕೊಂಡಿದ್ದೇವೆ. ಎರಡೂ ಸಮಯಗಳು ಎದುರಿಗಿದ್ದರೆ ತಪ್ಪಾದುದನ್ನು ಹಿಡಿದ ಕೋಡ್ ಈ ಪರೀಕ್ಷೆಯಲ್ಲಿ 400 ಎಂದು ಉತ್ತರಿಸಿ ಸಿಕ್ಕಿಬೀಳುತ್ತದೆ. ಎರಡು ಅರ್ಥಗಳಿಗೆ ಎರಡು ಬೇರೆ ಬೇರೆ ಉತ್ತರ ಬರುವಂಥ ಅಂಕಿಗಳನ್ನು ಆರಿಸಿಕೊಳ್ಳುವುದು ಇಲ್ಲಿನ ಮುಖ್ಯ ಕಸುಬು. ಬುಧವಾರವೇ ರದ್ದು ಮಾಡಿದರು ಎಂದು ಬರೆದಿದ್ದರೆ ಯಾವ ಊರಿನಿಂದ ಎಣಿಸಿದರೂ 720 ಬರುತ್ತಿತ್ತು, ಪರೀಕ್ಷೆ ಪಾಸಾಗುತ್ತಿತ್ತು, ತಪ್ಪು ಒಳಗೇ ಉಳಿಯುತ್ತಿತ್ತು.

‘ಈಗ ಶುಕ್ರವಾರ 22:00’ ಎಂಬ ಸಾಲಿಗೂ ಕೆಲಸವಿದೆ. ಪರೀಕ್ಷೆ ಮಾಡಲು ಟೆಸ್ಟರ್ ಶುಕ್ರವಾರ ರಾತ್ರಿಯವರೆಗೆ ಕಾಯಲಾಗುವುದಿಲ್ಲ. ಪರೀಕ್ಷೆಯ ವೇಳೆ ಆ್ಯಪ್‌ನ ಗಡಿಯಾರವನ್ನು ಬೇಕಾದ ಹೊತ್ತಿಗೆ ಇಡಲು ಬರಬೇಕು. ಇದು ಮೊದಲೇ ಗೊತ್ತಿದ್ದರೆ ಡೆವಲಪರ್‌ಗೆ ಸಣ್ಣ ಕೆಲಸ. ಕೋಡ್ ಮುಗಿದ ಮೇಲೆ ಗೊತ್ತಾದರೆ ಹಲವು ಕಡೆ ಕೈ ಹಾಕಬೇಕಾಗುತ್ತದೆ.

ಮುಂದಿನ ಪ್ರಶ್ನೆ ಗಡಿಯದು. ಸರಿಯಾಗಿ 24 ಗಂಟೆ ಇದ್ದಾಗ ಏನು? ಶುಕ್ರವಾರ 23:29ಕ್ಕೆ 720, 23:31ಕ್ಕೆ 400. ಸರಿಯಾಗಿ 23:30ಕ್ಕೆ? ಕೋಡ್‌ನಲ್ಲಿ ಇದು `>` ಮತ್ತು `>=` ನಡುವಿನ ವ್ಯತ್ಯಾಸ ಅಷ್ಟೆ. ಯಾರೂ ಹೇಳದಿದ್ದರೆ ಡೆವಲಪರ್ ಬೆರಳಿಗೆ ಬಂದದ್ದೇ ಕಂಪನಿಯ ನಿಯಮವಾಗುತ್ತದೆ. ಮೂರೂ ನಿಮಿಷಗಳನ್ನು ಒಂದು ಪುಟ್ಟ ಪಟ್ಟಿಯಾಗಿ ಬರೆದು, ಪ್ರತಿಯೊಂದರ ಎದುರು ವಾಪಸಾಗುವ ಮೊತ್ತ ಹಾಕಿಟ್ಟರೆ ಆ ವಿಷಯ ಅಲ್ಲಿಗೆ ಇತ್ಯರ್ಥ.

ವೆನ್ ಭಾಗದಲ್ಲಿ ತಂಡಗಳು ಸಾಮಾನ್ಯವಾಗಿ ಎಡವುವುದು ಹೀಗೆ: ಲಾಗಿನ್ ಆಗುತ್ತಾರೆ, ‘ನನ್ನ ಟಿಕೆಟ್’ ಒತ್ತುತ್ತಾರೆ, ಕೆಂಪು ಬಟನ್ ಒತ್ತುತ್ತಾರೆ, ‘ಹೌದು’ ಒತ್ತುತ್ತಾರೆ ಎಂದು ಪರದೆಯ ಮೇಲಿನ ಪ್ರತಿಯೊಂದು ಒತ್ತುವಿಕೆಯನ್ನೂ ಬರೆದುಬಿಡುತ್ತಾರೆ. ನಾಳೆ ಡಿಸೈನರ್ ಬಟನ್ ಬದಲಿಸಿದರೆ ರದ್ದತಿಯ ನಿಯಮ ಒಂದಿನಿತೂ ಬದಲಾಗದಿದ್ದರೂ ಬರೆದದ್ದೆಲ್ಲ ಸುಳ್ಳಾಗುತ್ತದೆ. ಯಾವ ಬಟನ್ ಎಂಬುದು ಬೇಡ, ಏನು ನಡೆಯಿತು ಎಂಬ ಒಂದೇ ಘಟನೆ ಸಾಕು. ಎರಡನೇ ವೆನ್ ಬೇಕು ಅನ್ನಿಸಿದರೆ ಅಲ್ಲಿ ಎರಡು ಪ್ರಸಂಗಗಳು ಅಡಗಿವೆ ಎಂದರ್ಥ. ‘ರದ್ದು ಮಾಡಿ, ನೆಟ್‌ವರ್ಕ್ ನಿಧಾನವಿದೆ ಎಂದು ಇನ್ನೊಮ್ಮೆ ಒತ್ತಿದರೆ?’ ಎಂಬುದು ಅಂಥದ್ದು. ಅದನ್ನು ಬೇರೆಯಾಗಿ ಬರೆಯಬೇಕು: ಟಿಕೆಟ್ ಈಗಾಗಲೇ ರದ್ದಾಗಿದೆ, ಮತ್ತೆ ರದ್ದತಿ ಕೇಳುತ್ತಾರೆ, ಎರಡನೇ ಕೋರಿಕೆ ಬ್ಯಾಂಕಿಗೆ ಹೋಗಕೂಡದು. ಇದನ್ನು ಬರೆಯದೆ ಬಿಟ್ಟರೆ 720 ರೂಪಾಯಿ ಎರಡು ಸಲ ಹೋಗುವ ಅಪಾಯವಿದೆ.

ದೆನ್ ಭಾಗದಲ್ಲಿ ಇರಬೇಕಾದದ್ದು ಹೊರಗಿನಿಂದ ನೋಡಿ ಹೌದು-ಇಲ್ಲ ಎನ್ನಬಹುದಾದ ಫಲ. ‘ಹಣ ಬೇಗ ವಾಪಸಾಗಬೇಕು’ ಎಂಬಲ್ಲಿ ಬೇಗ ಎಂದರೆ ಎಷ್ಟು ಎಂದು ಜಗಳ ಶುರುವಾಗುತ್ತದೆ. ಬ್ಯಾಂಕಿನಿಂದ ಖಾತೆಗೆ ಹಣ ಬೀಳಲು ದಿನಗಳೇ ಹಿಡಿಯಬಹುದು, ಅದು ಆ್ಯಪ್‌ನ ಕೈಯಲ್ಲಿಲ್ಲ. ಆದ್ದರಿಂದಲೇ ಮೇಲಿನ ಬರಹದಲ್ಲಿ ‘ಕೋರಿಕೆ ಹೋಗುತ್ತದೆ’ ಎಂದಿದೆ. ‘ಟಿಕೆಟ್ ರದ್ದಾಗಿದೆ ಎಂಬ ಸಂದೇಶ ಕಾಣಬೇಕು’ ಎಂದಷ್ಟೇ ಬರೆದರೂ ಸಾಲದು. ಸಂದೇಶ ಬಂದು ಸೀಟು ಖಾಲಿಯಾಗದೆ ಉಳಿದರೆ ಬಸ್ಸು ಒಂದು ಸೀಟಿನ ಆದಾಯ ಕಳೆದುಕೊಂಡು ಹೊರಡುತ್ತದೆ.

ಈ ಸಾಲುಗಳನ್ನು ಕಂಪ್ಯೂಟರೇ ಓದಿ ಪರೀಕ್ಷೆ ನಡೆಸುವಂತೆ ಮಾಡುವ ಕ್ಯೂಕಂಬರ್‌ನಂಥ ಉಪಕರಣಗಳಿವೆ. ಅದರ ಗರ್ಕಿನ್ ಭಾಷೆಯಲ್ಲಿ ಸಾಲುಗಳನ್ನು ಕನ್ನಡದಲ್ಲಿ ಬರೆಯಬಹುದು. ಕಡತದ ಮೊದಲಿಗೆ `# language: kn` ಎಂದು ಹಾಕಿದರೆ ಸೂಚಕ ಪದಗಳೂ ಕನ್ನಡದವೇ ಆಗುತ್ತವೆ. ಪ್ರತಿಯೊಂದು ಸಾಲಿಗೂ ಹೊಂದುವ ಕೋಡನ್ನು ಮಾತ್ರ ತಂಡವೇ ಬರೆಯಬೇಕು. ಉಪಕರಣವಿಲ್ಲದೆ ಬರೀ ಕಾಗದದಲ್ಲಿ ಬರೆದರೂ ಒಪ್ಪಂದ ಒಪ್ಪಂದವೇ. ಎಲ್ಲವನ್ನೂ ಈ ಅಚ್ಚಿಗೆ ತುರುಕುವ ಅಗತ್ಯವೂ ಇಲ್ಲ. ಹಬ್ಬದ ಮುನ್ನಾದಿನ ಸಾವಿರಾರು ಜನ ಒಮ್ಮೆಗೇ ಬಂದರೆ ಆ್ಯಪ್ ತಾಳುತ್ತದೆಯೇ, ಅಕ್ಷರ ಕಣ್ಣಿಗೆ ಹಿತವಾಗಿದೆಯೇ ಎಂಬುದಕ್ಕೆ ಬೇರೆ ಪರೀಕ್ಷೆಗಳಿವೆ.

ಬರೆದಿಟ್ಟದ್ದರ ಬೆಲೆ ಆ್ಯಪ್ ಜನರ ಕೈಗೆ ಹೋದ ಮೇಲೂ ಇರುತ್ತದೆ. ಬೆಂಗಳೂರಿನಲ್ಲಿ ಬಸ್ಸು ಎರಡು ಗಂಟೆ ತಡವಾಯಿತು, ಟಿಕೆಟ್‌ನ ಸಮಯದಿಂದ ಎಣಿಸಿ ತಮಗೆ ಕಡಿಮೆ ಹಣ ಕೊಟ್ಟಿದ್ದಾರೆ ಎಂದು ಒಬ್ಬರು ದೂರುತ್ತಾರೆ. ತಂಡ ಮೊದಲು ನೋಡಬೇಕಾದದ್ದು ತಡವಾದ ಬಸ್ಸಿನ ಪ್ರಸಂಗ ಬರೆದಿದೆಯೇ ಎಂಬುದನ್ನು. ಬರೆದಿದ್ದು ಆ್ಯಪ್ ಅದನ್ನು ಮೀರಿದ್ದರೆ ಅದು ಬಗ್, ಡೆವಲಪರ್ ಸರಿಪಡಿಸಬೇಕು. ಬರೆದೇ ಇಲ್ಲದಿದ್ದರೆ ಅದು ಯಾರ ತಪ್ಪೂ ಅಲ್ಲ, ಕಂಪನಿ ಇನ್ನೂ ತೆಗೆದುಕೊಳ್ಳಬೇಕಾದ ತೀರ್ಮಾನ. ಮೂವರೂ ಮತ್ತೆ ಕೂತು ಗಿವನ್‌ಗೆ ಇನ್ನೊಂದು ಸಾಲು ಸೇರಿಸಬೇಕು.