ಪಾಸ್‌ಪೋರ್ಟ್ ಸೈಜ್ ಅಂದರೆ ಕಾಗದದ ಸೈಜಲ್ಲ

ವಾಡಿಯಲ್ಲಿರುವ ನಮ್ಮ ಆನ್‌ಲೈನ್ ಅಂಗಡಿಗೆ ಸೇಡಂ, ಚಿತ್ತಾಪುರದ ಹಳ್ಳಿಗಳಿಂದ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಸಣ್ಣ ಲಕೋಟೆ ಇರುತ್ತದೆ. ಒಳಗೆ ಎಂಟು ಫೋಟೋ. "ಪಾಸ್‌ಪೋರ್ಟ್ ಸೈಜೇ ಅದಾವ್ರಿ, ಎಲ್ಲಿ ಹಚ್ಚಬೇಕು ಹೇಳ್ರಿ" ಎಂಬ ಮಾತಿನಿಂದಲೇ ಕೆಲಸ ಶುರು. ಲಕೋಟೆಯನ್ನು ಹಾಗೇ ವಾಪಸ್ ಕೊಟ್ಟರೆ ಅವರಿಗೆ ಬೇಜಾರು. ಆದರೆ ಮೊದಲ ತಪ್ಪು ತಿಳಿವಳಿಕೆ ಇರುವುದೇ ಆ ಲಕೋಟೆಯಲ್ಲಿ. ನಮ್ಮ ದೇಶದೊಳಗೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ದೊಡ್ಡವರು ಫೋಟೋ ಒಯ್ಯಬೇಕಿಲ್ಲ. ಕೇಂದ್ರದ ಕೌಂಟರಿನಲ್ಲಿ ಕೂರಿಸಿ ಅವರೇ ತೆಗೆಯುತ್ತಾರೆ, ಬೆರಳಚ್ಚೂ ಅಲ್ಲೇ. ಫೋಟೋ ಒಯ್ಯಬೇಕಾದದ್ದು 4 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ: ಬಿಳಿ ಹಿನ್ನೆಲೆಯ, 4.5 × 3.5 ಸೆಂ.ಮೀ. ಅಳತೆಯ ಒಂದು ಫೋಟೋ.

ಹಾಗಾದರೆ ಫೋಟೋದ ತಲೆನೋವು ಯಾರಿಗೆ? ಕೂಸಿನ ತಾಯ್ತಂದೆಗೆ, ವೀಸಾಗೆ ಅರ್ಜಿ ಹಾಕುವವರಿಗೆ, ಮತ್ತು ಈಗೀಗ ಎಲ್ಲರಿಗಿಂತ ಹೆಚ್ಚಾಗಿ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ನಮ್ಮ ಕಡೆಯವರಿಗೆ. ವಿದೇಶದಲ್ಲಿ ಕೂತು ಪಾಸ್‌ಪೋರ್ಟ್ ನವೀಕರಿಸುವವರು 2025ರ ಸೆಪ್ಟೆಂಬರ್ 1ರಿಂದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾದರಿಗೆ ಹೊಂದುವ ಫೋಟೋವನ್ನೇ ಕೊಡಬೇಕೆಂದು ಭಾರತೀಯ ರಾಯಭಾರ ಕಚೇರಿಗಳು ಹೇಳಿವೆ. ಅಳತೆ 630 × 810 ಪಿಕ್ಸೆಲ್, ಹಿನ್ನೆಲೆ ಬಿಳಿ, ಮುಖ ಫೋಟೋದ ಶೇ. 80ರಿಂದ 85ರಷ್ಟು ತುಂಬಿರಬೇಕು, ಕ್ಯಾಮೆರಾ ಒಂದೂವರೆ ಮೀಟರ್ ದೂರದಲ್ಲಿರಬೇಕು.

ಚಿಂಚೋಳಿ ಕಡೆಯ ಹುಡುಗನೊಬ್ಬ ಅಲ್ಲಿಂದ ನನಗೆ ಫೋನ್ ಮಾಡಿದ್ದು ಇದೇ ಕಾರಣಕ್ಕೆ. "ಕಾಕಾ, ಫೋಟೋ ಎರಡು ಸಲ ವಾಪಸ್ ಬಂತು. ಸೈಜ್ ಬರೋಬ್ಬರಿ ಅದ, 630 × 810ನೇ ಅದ. ಮತ್ತೇನು ಬೇಕಂತ?" ಫೈಲ್ ಕಳಿಸಲು ಹೇಳಿದೆ. ಅವನ ಮಾತು ಸುಳ್ಳಲ್ಲ. ಚೌಕಟ್ಟಿನ ಅಳತೆ ಸರಿಯಾಗೇ ಇತ್ತು. ತಪ್ಪಿದ್ದು ಚೌಕಟ್ಟಿನೊಳಗಿನ ತಲೆ.

ತಲೆಯನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಕಂಪ್ಯೂಟರಿನ ಪೇಂಟ್‌ನಲ್ಲಿ ಫೋಟೋ ತೆರೆದು ಬಾಣದ ಗುರುತನ್ನು ನೆತ್ತಿಯ ಮೇಲಿಟ್ಟರೆ ಕೆಳಗಿನ ಪಟ್ಟಿಯಲ್ಲಿ ಎರಡು ಅಂಕಿ ಕಾಣುತ್ತವೆ. ಎರಡನೆಯದು ಮೇಲಂಚಿನಿಂದ ಎಷ್ಟು ಕೆಳಗೆ ಎಂಬುದು. ಅವನ ಫೋಟೋದಲ್ಲಿ ನೆತ್ತಿ 95ಕ್ಕೆ ಬಂತು, ಗದ್ದದ ತುದಿ 655ಕ್ಕೆ. ಅಂದರೆ ತಲೆಯ ಎತ್ತರ 560 ಪಿಕ್ಸೆಲ್. 810ಕ್ಕೆ ಭಾಗಿಸಿದರೆ ಶೇ. 69. ಬೇಕಾದದ್ದು ಕನಿಷ್ಠ ಶೇ. 80, ಅಂದರೆ 648 ಪಿಕ್ಸೆಲ್. ಹೆಗಲು, ಅಂಗಿಯ ಎರಡನೇ ಗುಂಡಿ, ತಲೆಯ ಮೇಲೆ ಧಾರಾಳ ಖಾಲಿ ಜಾಗ, ಎಲ್ಲ ಸೇರಿ ಮುಖದ ಪಾಲನ್ನು ತಿಂದಿದ್ದವು. ನಮ್ಮ ಕಣ್ಣಿಗೆ ಅದು ಬಹಳ ಚೆಂದದ ಫೋಟೋ. ಸ್ಟುಡಿಯೋದವರು ಇಷ್ಟು ವರ್ಷ ಹೀಗೇ ತೆಗೆಯುತ್ತ ಬಂದಿದ್ದಾರೆ.

ಅವನು ಮಾಡಲು ಹೊರಟಿದ್ದು ಇನ್ನೊಂದು ತಪ್ಪು: ಅದೇ 630 × 810ರ ಫೋಟೋವನ್ನು ಸುತ್ತ ಕತ್ತರಿಸಿ, ಮತ್ತೆ ಎಳೆದು 630 × 810 ಮಾಡುವುದು. ಎಳೆದರೆ ಅಂಕಿ ದೊಡ್ಡದಾಗುತ್ತದೆ, ಮುಖದ ವಿವರ ಹೆಚ್ಚುವುದಿಲ್ಲ. ರೆಪ್ಪೆ, ಹುಬ್ಬು ಮಸುಕಾಗುತ್ತವೆ. ಕತ್ತರಿಸಬೇಕಾದದ್ದು ಕ್ಯಾಮೆರಾದಿಂದ ಬಂದ ಮೂಲ ಫೋಟೋವನ್ನು. ಪುಣ್ಯಕ್ಕೆ ಅದು ಅವನ ಗೆಳೆಯನ ಫೋನಿನಲ್ಲಿ ಉಳಿದಿತ್ತು. ಅದರಲ್ಲಿ ತಲೆಯ ಎತ್ತರ 1660 ಪಿಕ್ಸೆಲ್. ಶೇ. 82 ಇಟ್ಟುಕೊಳ್ಳೋಣ ಅಂದೆ. ಕನಿಷ್ಠ, ಗರಿಷ್ಠ ಎರಡಕ್ಕೂ ಸ್ವಲ್ಪ ಅಂತರ ಉಳಿಯುತ್ತದೆ. 1660ನ್ನು 0.82ರಿಂದ ಭಾಗಿಸಿದರೆ 2024, ಅದು ಕತ್ತರಿಸಬೇಕಾದ ಎತ್ತರ. ಅಗಲ ಅದರ ಒಂಬತ್ತರಲ್ಲಿ ಏಳು ಪಾಲು, 1574. ಹಾಗೆ ಕತ್ತರಿಸಿ 630 × 810ಕ್ಕೆ ಇಳಿಸಿದಾಗ ತಲೆ 664 ಪಿಕ್ಸೆಲ್‌ಗೆ ಬಂದು ಕೂತಿತು. ನೋಡಲು ಮುಖ ಚೌಕಟ್ಟಿಗೆ ಮುತ್ತಿಕೊಂಡಂತೆ ಕಾಣುತ್ತದೆ, ಕುತ್ತಿಗೆಯ ಕೆಳಗೆ ಹೆಗಲಿನ ಅಂಚಷ್ಟೇ. "ಇದೇನ್ ಕಾಕಾ, ಬರೀ ಮೋತಿನೇ ಬಂದದ" ಅಂದ. ಅವರಿಗೆ ಬೇಕಿರುವುದೂ ಅದೇ.

ಇದೇ ಫೋಟೋ ಎಲ್ಲ ಕಡೆ ನಡೆಯುತ್ತದೆ ಎಂದು ತಿಳಿದರೆ ಮತ್ತೆ ಮೋಸ. ಯುರೋಪಿನ ಷೆಂಗೆನ್ ವೀಸಾಗೂ ಕಾಗದ ನಮ್ಮದೇ 35 × 45 ಮಿಲಿಮೀಟರ್, ಆದರೆ ಮುಖ ಶೇ. 70ರಿಂದ 80. ಅಮೆರಿಕದ ವೀಸಾಗೆ ಫೋಟೋ ಚೌಕ, ಎರಡಿಂಚಿಗೆ ಎರಡಿಂಚು. ಕೂದಲೂ ಸೇರಿ ತಲೆ ಶೇ. 50ರಿಂದ 69ರೊಳಗೆ ಇರಬೇಕು. ಹುಡುಗನ ವಾಪಸ್ ಬಂದ ಫೋಟೋವನ್ನು ಚೌಕಕ್ಕೆ ಕತ್ತರಿಸಿದರೂ ತಲೆ ಆ ಮಿತಿ ಮೀರುತ್ತದೆ, ಸರಿಮಾಡಿದ ಫೋಟೋವಂತೂ ಖಂಡಿತ ನಡೆಯದು. ಅದಕ್ಕೇ ನಾನು ಗಿರಾಕಿಗೆ ಮೊದಲು ಕೇಳುವುದು "ಯಾವ ಅರ್ಜಿಗೆ?" ಅಂತ.

"ಸೆಲ್ಫಿ ಕ್ಯಾಮೆರಾನೇ ಚೊಲೋ ಅದ, ಯಾಕ ಸ್ಟುಡಿಯೋಕ್ಕ ಹೋಗಬೇಕು?" ಎನ್ನುವವರು ಬಹಳ. ಕ್ಯಾಮೆರಾ ಚೊಲೋ ಇರಬಹುದು, ಅಡ್ಡಿ ಇರುವುದು ಕೈಯ ಉದ್ದದಲ್ಲಿ. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 10 ಸೆಂ.ಮೀ. ಹಿಡಿಯಿರಿ. ಫೋನ್ ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ ಕಿವಿ 50ರಲ್ಲಿದೆ. ಹಾಗಾಗಿ ಕಿವಿಗೆ ಹೋಲಿಸಿದರೆ ಮೂಗು ಕಾಲುಪಾಲು ಹಿಗ್ಗಿ ಕಾಣುತ್ತದೆ. ಒಂದೂವರೆ ಮೀಟರಿನಿಂದ ತೆಗೆದರೆ ಈ ವ್ಯತ್ಯಾಸ ಶೇ. 7ಕ್ಕೆ ಇಳಿಯುತ್ತದೆ. ಸೆಲ್ಫಿಯನ್ನು ಗುರುತಿಸುವುದೂ ಸುಲಭ: ಮೂಗು ದಪ್ಪ, ಕಿವಿಗಳು ಕೆನ್ನೆಯ ಹಿಂದೆ ಅಡಗಿರುತ್ತವೆ. ಹಾಗಾಗಿ ಬೇರೆಯವರ ಕೈಗೆ ಫೋನ್ ಕೊಟ್ಟು, ಹಿಂಬದಿಯ ಕ್ಯಾಮೆರಾದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಸಿ. ಬ್ಯೂಟಿ ಮೋಡ್ ಬಂದ್ ಮಾಡಿ. ಅದು ಕೇಳದೇ ಮಚ್ಚೆಯನ್ನೂ ಅಳಿಸಿಬಿಡುತ್ತದೆ.

ಇನ್ನು ಹಿನ್ನೆಲೆ. ಇಲ್ಲಿ ಜನರ ನಂಬಿಕೆ ಗಟ್ಟಿ: "ಹಿಂದ ಏನಿದ್ದರೂ ನಡೀತದ, ಆ್ಯಪ್‌ನ್ಯಾಗ ಬಿಳಿ ಮಾಡಿದ್ರಾತು." ರಾಯಭಾರ ಕಚೇರಿಗಳ ಸೂಚನೆ ಇದಕ್ಕೆ ನೇರ ವಿರುದ್ಧ, ಸಾಫ್ಟ್‌ವೇರಿನಲ್ಲಿ ತಿದ್ದಿದ ಫೋಟೋ ಕೂಡದು. ಆ್ಯಪ್ ಹಿನ್ನೆಲೆಯನ್ನು ಮಾತ್ರ ತೆಗೆದು ಸುಮ್ಮನಿರುವುದಿಲ್ಲ. ಕಿವಿಯ ಅಂಚು, ಹಣೆಯ ಪಕ್ಕದ ಬಿಡಿಕೂದಲು, ಹೆಗಲಿನ ಒಂದು ತುಂಡು ಅದರ ಜೊತೆಗೇ ಹೋಗುತ್ತವೆ. ಫೋಟೋವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಕಿವಿಯ ಸುತ್ತ ನೋಡಿದರೆ ಕತ್ತರಿಯಿಂದ ಕತ್ತರಿಸಿದ ಹಾಗೆ ಚೂಪಾದ ಗೆರೆ ಕಾಣುತ್ತದೆ. ಇಲ್ಲವೇ ಹಳೆಯ ಗೋಡೆಯ ಬಣ್ಣದ ತೆಳುವಾದ ಪಟ್ಟಿ ಉಳಿದಿರುತ್ತದೆ.

ಶಹಾಬಾದಿನ ಒಂದು ಮನೆಯಲ್ಲಿ ತೆಗೆದ ಫೋಟೋದಲ್ಲಿ ಹೀಗೇ ಆಗಿತ್ತು. ಹಿಂದೆ ಅವರದೇ ಊರಿನ ಪರಸಿಯ ಗೋಡೆ, ಬೂದು ಬಣ್ಣ, ಎರಡು ಕಲ್ಲು ಸೇರುವ ಕಡೆ ಕಪ್ಪು ಗೆರೆ. ಆ್ಯಪ್ ಗೋಡೆಯನ್ನು ಬಿಳಿ ಮಾಡಿತ್ತು, ಆದರೆ ಅಜ್ಜನ ನರೆಗೂದಲೂ ಆ ಕಲ್ಲಿನ ಬಣ್ಣದ್ದೇ ಆಗಿದ್ದರಿಂದ ತಲೆಯ ಎಡಭಾಗ ಅರ್ಧ ಇಂಚು ಬೋಳಾಗಿತ್ತು! ಅಜ್ಜ ನಕ್ಕರು, ಮೊಮ್ಮಗನ ಮುಖ ಬಾಡಿತು.

ಅವರ ಮನೆಯ ಪಡಸಾಲೆಯಲ್ಲೇ ಮತ್ತೊಮ್ಮೆ ತೆಗೆದೆವು. ಗೋಡೆಗೆ ಮಡಿಕೆ ಇಲ್ಲದ ಬಿಳಿ ಚಾದರ ಕಟ್ಟಿ, ಅದರಿಂದ ಮೂರು ಅಡಿ ಮುಂದೆ ಸ್ಟೂಲ್ ಹಾಕಿದೆವು. ಎಲ್ಲರೂ ಮಾಡುವ ತಪ್ಪೆಂದರೆ ಗೋಡೆಗೆ ಬೆನ್ನು ಹಚ್ಚಿ ಕೂರುವುದು. ಗೋಡೆಗೆ ಹತ್ತಿರ ಇದ್ದಷ್ಟೂ ತಲೆಯ ನೆರಳು ಅಲ್ಲೇ ಕಪ್ಪಾಗಿ, ಚೂಪಾಗಿ ಬೀಳುತ್ತದೆ. ಮುಂದೆ ಬಂದರೆ ನೆರಳು ನೆಲಕ್ಕೋ ಚೌಕಟ್ಟಿನ ಹೊರಗೋ ಹೋಗುತ್ತದೆ. ಬೆಳಕಿಗೆ ತೆರೆದ ಬಾಗಿಲು, ಅಜ್ಜ ಅದಕ್ಕೆ ಮುಖಮಾಡಿ. ಮೇಲಿನ ಟ್ಯೂಬ್‌ಲೈಟ್ ಆರಿಸಿದೆವು, ಅದು ಕಣ್ಣಿನ ಗುಳಿಯಲ್ಲೂ ಗದ್ದದ ಕೆಳಗೂ ಕತ್ತಲೆ ತುಂಬುತ್ತದೆ. ಗದ್ದದ ನೆರಳು ಇನ್ನೂ ಉಳಿದಿತ್ತು. ತೊಡೆಯ ಮೇಲೆ ಒಂದು ಬಿಳಿ ಟವೆಲ್ ಹಾಸಿದೆವು, ಅದರಿಂದ ಚಿಮ್ಮಿದ ಬೆಳಕು ಅದನ್ನೂ ತೆಗೆಯಿತು. ಬಿಳಿ ಅಂಗಿ ಬಿಳಿ ಚಾದರದಲ್ಲಿ ಕರಗಿಹೋಗುತ್ತದೆಂದು ಅಜ್ಜನಿಗೆ ಮಗನ ನೀಲಿ ಅಂಗಿ ತೊಡಿಸಿದ್ದಾಯಿತು. ಬಿಳಿ ಹೆಚ್ಚಿದ್ದಾಗ ಫೋನ್ ತಾನಾಗಿ ಮುಖವನ್ನು ಕಪ್ಪು ಮಾಡುವುದರಿಂದ, ಪರದೆಯಲ್ಲಿ ಮುಖದ ಮೇಲೆ ಒತ್ತಿ ಆಮೇಲೆ ತೆಗೆಯಬೇಕು.

ನೆರಳು ಇಲ್ಲ ಎಂದು ಕಣ್ಣು ಹೇಳಿದರೆ ನಂಬಬೇಡಿ. ಪೇಂಟ್‌ನ ಬಣ್ಣ ಹೆಕ್ಕುವ ಪಿಚಕಾರಿಯಿಂದ ಎರಡೂ ಕಿವಿಯ ಪಕ್ಕದ ಹಿನ್ನೆಲೆಯನ್ನು ಒಂದೊಂದಾಗಿ ಮುಟ್ಟಿ, ಪ್ರತಿ ಸಲ ಎಡಿಟ್ ಕಲರ್ಸ್ ತೆರೆದು ಅಂಕಿ ನೋಡಿ. ಪೂರ್ತಿ ಬಿಳಿಗೆ ಮೂರೂ ಅಂಕಿ 255. ಎಡಕ್ಕೆ 240, ಬಲಕ್ಕೆ 195 ಬಂದರೆ ಬಲಗಡೆ ನೆರಳಿದೆ ಎಂದೇ ಅರ್ಥ. ಕಂಪ್ಯೂಟರ್ ಇಲ್ಲದವರು ಫೋನಿನಲ್ಲೇ ಫೋಟೋದ ಒಂದು ನಕಲಿಗೆ ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಬಹುದು. ಅಡಗಿದ್ದ ನೆರಳು ಮೋಡದ ಹಾಗೆ ಎದ್ದು ಬರುತ್ತದೆ.

ಮುಖಭಾವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಗಬಾರದು ಎಂದರೆ ಸಿಟ್ಟಿನಿಂದ ನೋಡಬೇಕು ಎಂದಲ್ಲ. ಬಾಯಿ ಮುಚ್ಚಿ, ಕಣ್ಣು ಸಹಜವಾಗಿ ತೆರೆದು, ಕ್ಯಾಮೆರಾ ನೋಡಿದರೆ ಸಾಕು. ನಕ್ಕಾಗ ತುಟಿಯ ಅಂಚು ಮೇಲೇರಿ, ಕೆನ್ನೆ ಉಬ್ಬಿ, ಕಣ್ಣು ಕಿರಿದಾಗುತ್ತದೆ. ವಿಮಾನ ನಿಲ್ದಾಣದ ಯಂತ್ರ ಹೋಲಿಸಿ ನೋಡುವುದು ಇಂಥ ಜಾಗಗಳನ್ನೇ. ತಲೆಗೆ ಬಟ್ಟೆ ಇದ್ದರೆ ಫೋಟೋ ಆಗುವುದೇ ಇಲ್ಲ ಎಂಬ ಮಾತೂ ಸುಳ್ಳು. ಧರ್ಮದ ಕಾರಣಕ್ಕೆ ಹಾಕುವ ಹಿಜಾಬ್‌ಗೆ, ಪೇಟಕ್ಕೆ ಅವಕಾಶವಿದೆ. ಹಣೆಯಿಂದ ಗದ್ದದವರೆಗೆ, ಎರಡೂ ಕೆನ್ನೆಯ ಅಂಚಿನವರೆಗೆ ಮುಖ ಕಾಣಬೇಕು, ಬಟ್ಟೆಯ ನೆರಳು ಹಣೆಯ ಮೇಲೆ ಬೀಳಬಾರದು. ಕನ್ನಡಕ ತೆಗೆದಿಡುವುದೇ ವಾಸಿ. ಅಮೆರಿಕದ ವೀಸಾ ಫೋಟೋದಲ್ಲಂತೂ 2016ರ ನವೆಂಬರ್‌ನಿಂದ ಅದಕ್ಕೆ ಅವಕಾಶವಿಲ್ಲ.

ಕೂಸುಗಳದ್ದು ಬೇರೆಯೇ ಪಾಡು. ಹೆಗಲ ಮೇಲೆ ಎತ್ತಿ ಹಿಡಿದರೆ ತಾಯಿಯ ಬೆರಳು ಫೋಟೋದೊಳಗೆ ಬರುತ್ತದೆ. ಬಿಳಿ ಚಾದರದ ಮೇಲೆ ಅಂಗಾತ ಮಲಗಿಸಿ, ಕಿಟಕಿಯ ಬೆಳಕು ಮುಖಕ್ಕೆ ಬರುವ ಹಾಗೆ ತಿರುಗಿಸಿ, ಮೇಲಿಂದ ತೆಗೆಯಬೇಕು. ತೆಗೆಯುವವರ ನೆರಳೇ ಕೂಸಿನ ಮೇಲೆ ಬೀಳದಂತೆ ಕಿಟಕಿಯ ಎದುರು ಬದಿಗೆ ನಿಲ್ಲಬೇಕು. ಹೊಟ್ಟೆ ತುಂಬಿದ ಮೇಲೆ, ನಿದ್ದೆಗೆ ಮುಂಚೆ ಸಿಗುವ ಹತ್ತು ನಿಮಿಷವೇ ಸರಿಯಾದ ಹೊತ್ತು.

ಕೊನೆಯ ನಂಬಿಕೆ, "ಸಿಸ್ಟಂ ತಗೊಂಡದ, ಅಂದ್ರ ಪಾಸಾತು." ಅಪ್‌ಲೋಡ್ ಪುಟ ಹೆಚ್ಚಾಗಿ ನೋಡುವುದು ಫೈಲ್ ಯಾವ ಬಗೆಯದು, ಎಷ್ಟು ಕೆಬಿ, ಎಷ್ಟು ಪಿಕ್ಸೆಲ್ ಎಂಬುದನ್ನು. ಹಸಿರು ಗುರುತು ಬಂದರೆ ಫೈಲ್ ಹೋಯಿತು ಎಂದಷ್ಟೇ. ಅಮೆರಿಕದ ವಿದೇಶಾಂಗ ಇಲಾಖೆಯ ಫೋಟೋ ಕತ್ತರಿಸುವ ಸಾಧನ ಕೂಡ ಕತ್ತರಿಸಿಕೊಡುತ್ತದೆ, ಗುಣಮಟ್ಟಕ್ಕೆ ಹೊಣೆ ಹೊರುವುದಿಲ್ಲ. ಫೋಟೋ ನಡೆಯುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಆಮೇಲೆ ಅದನ್ನು ನೋಡುವ ಅಧಿಕಾರಿ.

ಆದ್ದರಿಂದ ಅಂಗಡಿಗೆ ಬರುವವರಲ್ಲಿ ನನ್ನದೊಂದು ಕೋರಿಕೆ. ಪ್ರಿಂಟ್ ಹಾಕಿಸಿ ಅದರ ಫೋಟೋ ಹೊಡೆದು ತರಬೇಡಿ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು, ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಎಂದು ಆಯ್ದು ಕಳಿಸಿ, ಮತ್ತು ಪಾಸ್‌ಪೋರ್ಟ್ ಕೈಗೆ ಬರುವ ತನಕ ಅದನ್ನು ಫೋನಿನಿಂದ ಅಳಿಸಬೇಡಿ.