ಚುಕ್ಕೆಗಳ ಗದ್ದಲದಿಂದ ನಡೆದು ಬಂದವಳು

ಕೇಬಲ್ ಕಿತ್ತ ಹಳೆಯ ಟಿ.ವಿ.ಯಲ್ಲಿ ಗಿಜಿಗುಡುತ್ತಿದ್ದ ಚುಕ್ಕೆಗಳು ನೆನಪಿವೆಯೇ? ಬರೆದ ಮಾತನ್ನು ವಿಡಿಯೊ ಮಾಡುವ ಮಾದರಿಗಳ ಕೆಲಸ ಶುರುವಾಗುವುದು ಅಂಥ ಗದ್ದಲದಿಂದಲೇ. ತರಬೇತಿಯಲ್ಲಿ ಅಸಲಿ ವಿಡಿಯೊಗಳಿಗೆ ಬೇಕೆಂದೇ ಚುಕ್ಕೆ ಬೆರೆಸಿ, ಬೆರೆತದ್ದು ಯಾವುದೆಂದು ಊಹಿಸಲು ಕಲಿಸಿರುತ್ತಾರೆ. ಆಮೇಲೆ ನಾವು 'ಮಳೆಯಲ್ಲಿ ಕೆಂಪು ಕೊಡೆ ಹಿಡಿದ ಹುಡುಗಿ' ಎಂದು ಬರೆದರೆ, ಮಾದರಿ ಬರೀ ಚುಕ್ಕೆಗಳಿಂದ ಹೊರಟು, ಆ ಮಾತಿನ ಜಾಡು ಹಿಡಿದು ಗದ್ದಲವನ್ನು ಸುತ್ತುಸುತ್ತಾಗಿ ಕಳೆಯುತ್ತದೆ. ಮೊದಲು ಮಸುಕು ಆಕಾರ, ಕೊನೆಗೆ ಕೊಡೆಯ ಕಡ್ಡಿ.

ಒಂದು ಚಿತ್ರಕ್ಕೆ ಇಷ್ಟು ಸಾಕು. ಸೆಕೆಂಡಿಗೆ 24ರಂತೆ ಐದು ಸೆಕೆಂಡಿಗೆ 120 ಚಿತ್ರ ಬೇಕಲ್ಲ! ಒಂದೊಂದನ್ನೂ ಬಿಡಿಯಾಗಿ ಮಾಡಿದರೆ ಕೊಡೆಯ ಕೆಂಪು ಕ್ಷಣಕ್ಕೊಂದು ಬಗೆಯಾಗಿ, ವಿಡಿಯೊ ಮಿಣುಕಾಡುತ್ತದೆ. ಹಾಗಾಗಿ ಇಡೀ ವಿಡಿಯೊವನ್ನು ಕುಗ್ಗಿಸಿ, ಉದ್ದ-ಅಗಲದ ಜೊತೆ ಕಾಲವನ್ನೂ ಒಳಗೊಂಡ ತುಂಡುಗಳನ್ನಾಗಿ ಮಾಡುತ್ತಾರೆ. ಎಲ್ಲ ತುಂಡುಗಳ ಗದ್ದಲವೂ ಒಟ್ಟಿಗೇ ಕಳೆಯುತ್ತದೆ. ಪ್ರತಿ ತುಂಡೂ ಹಿಂದಿನ, ಮುಂದಿನ ತುಂಡುಗಳನ್ನು ನೋಡಿಕೊಂಡೇ ರೂಪ ತಳೆಯುತ್ತದೆ. ಹುಡುಗಿ ಕಂಬದ ಮರೆಗೆ ಹೋಗಿ ಬಂದರೂ ಕೊಡೆ ಅದೇ ಆಗಿರುವ ಸಾಧ್ಯತೆ ಹೆಚ್ಚುವುದು ಇದರಿಂದಲೇ. ಖರ್ಚೂ ಇಲ್ಲೇ: ಎಲ್ಲವೂ ಎಲ್ಲವನ್ನೂ ನೋಡಬೇಕೆಂದರೆ, ವಿಡಿಯೊ ಎರಡರಷ್ಟು ಉದ್ದವಾದಾಗ ಹೋಲಿಕೆಗಳು ನಾಲ್ಕರಷ್ಟಾಗುತ್ತವೆ.

ಆದರೂ ಇದು ನೋಟದ ರೂಢಿ, ದೇಹದ ಅರಿವಲ್ಲ. 2024ರ ಫೆಬ್ರವರಿಯಲ್ಲಿ ಓಪನ್‌ಎಐ ತೋರಿಸಿದ 'ಸೋರಾ'ದ ವಿಡಿಯೊದಲ್ಲಿ ಟೋಕಿಯೊ ಬೀದಿಯ ಮಹಿಳೆ ಬೆರಗಾಗುವಷ್ಟು ಸಹಜವಾಗಿ ನಡೆಯುತ್ತಾಳೆ. ನಡುವೆ ಅವಳ ಎಡಗಾಲು, ಬಲಗಾಲು ಅದಲುಬದಲಾಗುತ್ತವೆ. ಮುಂದಿನ ಸಲ ಇಂಥ ವಿಡಿಯೊ ಕಂಡರೆ ಮುಖ ಬಿಟ್ಟು ಕಾಲು ನೋಡಿ.