ಬಿರುಕು ಟೊಮೆಟೊ ಗುರುತಿಸಲು ಕ್ಯಾಮೆರಾಗೆ ಕಲಿಸುವುದು ಹೇಗೆ? ಫೋಟೊ 40 ಮಾತ್ರ ಇದ್ದಾಗ

ಟೊಮೆಟೊ ಗ್ರೇಡಿಂಗ್‌ನಲ್ಲಿ ಬಿರುಕು ಬಿಟ್ಟ ಹಣ್ಣನ್ನು ಕ್ಯಾಮೆರಾವೇ ಗುರುತಿಸಬೇಕಾದರೆ ಅದಕ್ಕೆ ಎರಡೂ ಬಗೆಯ ಫೋಟೊ ತೋರಿಸಿ ಕಲಿಸಬೇಕು. ಒಳ್ಳೆ ಹಣ್ಣಿನ ಫೋಟೊ ಒಂದೇ ದಿನಕ್ಕೆ 2000 ಸಿಗುತ್ತೆ. ಬಿರುಕಿನ ಹಣ್ಣು ಹುಡುಕಿದರೂ 40 ಸಿಕ್ಕರೆ ಹೆಚ್ಚು. ಅಷ್ಟರಲ್ಲೇ ಕೆಲಸ ನಡೆಸಲು ನಾನು ಅನುಸರಿಸುವ ಕ್ರಮ ಹೇಳ್ತೀನಿ.

ಮೊದಲು ಆ 40ರಲ್ಲಿ 15 ಹಣ್ಣಿನ ಫೋಟೊ ಪರೀಕ್ಷೆಗೆಂದು ಬೇರೆ ಫೋಲ್ಡರ್‌ಗೆ ಹಾಕಿ. ಒಂದೇ ಹಣ್ಣಿನ ಎರಡು ಫೋಟೊ ಎರಡೂ ಕಡೆ ಇರಬಾರದು. ಇದ್ದರೆ ಮಾಡೆಲ್ ತಾನು ನೋಡಿದ ಹಣ್ಣನ್ನೇ ಮತ್ತೆ ನೋಡಿ ಪಾಸಾಗುತ್ತೆ.

ಉಳಿದ 25 ಫೋಟೊಗಳನ್ನು ತಿರುಗಿಸಿ, ಕನ್ನಡಿಯಂತೆ ಮಗುಚಿ, ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಮಾಡಿ. ಇದಕ್ಕೇ ಆಗ್ಮೆಂಟೇಶನ್ ಅಂತಾರೆ. ಆದರೆ ಬಣ್ಣವನ್ನು ಜಾಸ್ತಿ ಬದಲಿಸಬೇಡಿ. ಬಿರುಕಿನ ಕಂದು ಬಣ್ಣವೇ ಮುಖ್ಯ ಗುರುತು. ಇದಕ್ಕೊಂದು ಮಿತಿಯೂ ಇದೆ. ತೊಟ್ಟಿನಿಂದ ಕೆಳಕ್ಕೆ ಸೀಳಿದ ಹಣ್ಣಿನ ಫೋಟೊ ಎಷ್ಟು ತಿರುಗಿಸಿದರೂ, ತೊಟ್ಟಿನ ಸುತ್ತ ಬಳೆಯಂತೆ ಬರುವ ಬಿರುಕು ಅದರಿಂದ ಹುಟ್ಟಲ್ಲ.

ಮುಂದಿನದು ಕೃತಕ ಚಿತ್ರ. 25 ಫೋಟೊಗಳಿಂದ ಬಿರುಕಿನ ಭಾಗ ಮಾತ್ರ ಕತ್ತರಿಸಿ, ಒಳ್ಳೆ ಹಣ್ಣಿನ ಫೋಟೊ ಮೇಲೆ ತೊಟ್ಟಿನ ಹತ್ತಿರವೇ ಅಂಟಿಸಿ, ಅಂಚು ಬೆರೆಸಬೇಕು. ಪೈಥಾನ್ ಗೊತ್ತಿದ್ದವರಿಗೆ `cv2.seamlessClone` ಈ ಕೆಲಸ ಮಾಡಿಕೊಡುತ್ತೆ.

ಅಪಾಯ ಇರೋದು ಇಲ್ಲೇ. ಅಂಚು ಸರಿಯಾಗಿ ಬೆರೆಯದಿದ್ದರೆ ಮಾಡೆಲ್ ಬಿರುಕನ್ನು ಬಿಟ್ಟು, ಅಂಟಿಸಿದ ಗುರುತನ್ನೇ ಕಲಿಯುತ್ತೆ. ಪತ್ತೆ ಮಾಡೋದು ಸುಲಭ: ಒಳ್ಳೆ ಹಣ್ಣಿನ ಸಿಪ್ಪೆಯ ತುಂಡನ್ನೇ ಕತ್ತರಿಸಿ, ಅದೇ ರೀತಿ ಇನ್ನೊಂದು ಒಳ್ಳೆ ಹಣ್ಣಿಗೆ ಅಂಟಿಸಿ ತೋರಿಸಿ. ‘ಬಿರುಕು’ ಅಂದರೆ ಅದು ನೋಡ್ತಿರೋದು ಅಂಚನ್ನ. ಆಗ ಇಂಥ ಚಿತ್ರಗಳನ್ನು ‘ಒಳ್ಳೆ ಹಣ್ಣು’ ಗುಂಪಿಗೂ ಸೇರಿಸಿ ಮತ್ತೆ ಕಲಿಸಬೇಕು. ಅಂಟಿಸಿದ ಗುರುತು ಎರಡೂ ಗುಂಪಿನಲ್ಲಿದ್ದಾಗ ಅದರಿಂದ ಉತ್ತರ ಸಿಗಲ್ಲ, ಬಿರುಕನ್ನೇ ನೋಡಬೇಕಾಗುತ್ತೆ.

ಕೊನೆಗೆ ಪರೀಕ್ಷೆ. ಇಲ್ಲಿ ನಿಜವಾದ ಫೋಟೊ ಮಾತ್ರ ಬಳಸಿ: ಎತ್ತಿಟ್ಟ 15 ಬಿರುಕಿನ ಹಣ್ಣು, ಕಲಿಸಲು ಬಳಸದ 200 ಒಳ್ಳೆ ಹಣ್ಣು. ಕೃತಕ ಚಿತ್ರ ಸೇರಿಸುವ ಮುಂಚೆ 15ರಲ್ಲಿ 9 ಹಿಡಿದು, ಸೇರಿಸಿದ ಮೇಲೆ 12 ಹಿಡಿದರೆ ಒಳ್ಳೆ ಸೂಚನೆಯೇ. ಆದರೆ 15ರಲ್ಲಿ ಒಂದು ಹಣ್ಣು ಅಂದರೆ ಸುಮಾರು 7 ಶೇಕಡಾ. 11 ಇದ್ದದ್ದು 12 ಆದರೆ ಸುಧಾರಿಸಿತು ಅನ್ನೋಕಾಗಲ್ಲ. ಜೊತೆಗೆ 200ರಲ್ಲಿ ಎಷ್ಟು ಒಳ್ಳೆ ಹಣ್ಣನ್ನು ತಪ್ಪಾಗಿ ತಳ್ಳಿತು ಅಂತಲೂ ಎಣಿಸಿ. 20 ತಳ್ಳಿದರೆ ಹತ್ತಕ್ಕೊಂದು ಮಾರುವ ಹಣ್ಣು ಹೋದಂತೆ.

ಒಣ ದಿನಗಳ ನಂತರ ಜೋರು ಮಳೆ ಬಿದ್ದರೆ ಬಿರುಕು ಹೆಚ್ಚು ಕಾಣಿಸುತ್ತೆ. ಆ ವಾರ ತೊಟ್ಟಿನ ಕಡೆಯಿಂದ ಫೋಟೊ ತೆಗೆದಿಡಿ. ಮೊದಲು ಪರೀಕ್ಷೆಯ ಫೋಲ್ಡರ್ ಬೆಳೆಸಿ, ಆಮೇಲೆ ಕಲಿಕೆಯದು.